ಹೆರಸಾರಿ ನೋಡುವುದು: ಅಲ್ಲಮನ ಒಂದು ವಚನ, ಎರಡು ಇಂಗ್ಲಿಷ್ ಅನುವಾದ

(ಓದುಗರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಒಂದೇ ಒಂದು ವಚನ ಇಟ್ಟುಕೊಂಡು ಮಾತಾಡುತ್ತೇನೆ. ಅಲ್ಲಮನದು. ಮೊದಲು ಓದಿಬಿಡುತ್ತೇನೆ.

ನಿಮ್ಮ ತೇಜವ ನೋಡಲೆಂದು ಹೆರಸಾರಿ ನೋಡುತ್ತಿರಲು
ಶತಕೋಟಿ ಸೂರ್ಯರು ಮೂಡಿದಂತಿರ್ದುದಯ್ಯಾ.
ಮಿಂಚಿನ ಬಳ್ಳಿಯ ಸಂಚವ ಕಂಡಡೆ ಎನಗಿದು ಸೋಜಿಗವಾಯಿತ್ತು.
ಗುಹೇಶ್ವರಾ, ನೀನು ಜ್ಯೋತಿರ್ಲಿಂಗವಾದಡೆ ಉಪಮಿಸಿ ನೋಡಬಲ್ಲವರಿಲ್ಲಯ್ಯಾ.

ಇದನ್ನು ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದರು. 1973ರಲ್ಲಿ ಪೆಂಗ್ವಿನ್ ಹೊರತಂದ 'ಸ್ಪೀಕಿಂಗ್ ಆಫ್ ಶಿವ' ಸಂಕಲನದಲ್ಲಿ ಅದು ಇದೆ. ಸುಮಾರು ಇಪ್ಪತ್ತು ವರ್ಷ ಆದ ಮೇಲೆ, 1992ರಲ್ಲಿ, ತೇಜಸ್ವಿನಿ ನಿರಂಜನ ತಮ್ಮ 'ಸೈಟಿಂಗ್ ಟ್ರಾನ್ಸ್‌ಲೇಷನ್' ಪುಸ್ತಕದ ಕೊನೆಯಲ್ಲಿ ಇದೇ ವಚನವನ್ನು ಕೈಗೆತ್ತಿಕೊಂಡರು. ರಾಮಾನುಜನ್ ಅನುವಾದದಲ್ಲಿ ಏನು ತಪ್ಪಿದೆ ಎಂದು ವಾದ ಮಾಡಿದರು. ಮಾಡಿ ಸುಮ್ಮನಾಗಲಿಲ್ಲ, ತಾವೇ ಇನ್ನೊಂದು ಅನುವಾದ ಕೊಟ್ಟರು. ಅದಕ್ಕೇ ಈ ಜೋಡಿಯನ್ನು ಆರಿಸಿಕೊಂಡೆ. ಎರಡು ಅನುವಾದಗಳು ಅಕಸ್ಮಾತ್ತಾಗಿ ಪಕ್ಕಪಕ್ಕ ಬಂದು ಕೂತಿಲ್ಲ. ಎರಡನೆಯದು ಮೊದಲನೆಯದಕ್ಕೆ ಉತ್ತರವಾಗಿ ಹುಟ್ಟಿದೆ. ರಾಮಾನುಜನ್ 1993ರಲ್ಲಿ ತೀರಿಕೊಂಡರು. ಅವರ ಪರವಾಗಿ ವಿನಯ್ ಧಾರವಾಡ್ಕರ್ 1999ರಲ್ಲಿ ಒಂದು ಉದ್ದನೆಯ ಲೇಖನ ಬರೆದರು. ಆ ಜಗಳದ ಸಿದ್ಧಾಂತದ ಭಾಗಕ್ಕೆ ಇವತ್ತು ನಾನು ಹೋಗುವುದಿಲ್ಲ. ವಸಾಹತುಶಾಹಿ, ಕ್ರೈಸ್ತ ಭಕ್ತಿಯ ನೆರಳು, ಆಧುನಿಕ ಇಂಗ್ಲಿಷ್ ಕವಿತೆಯ ಅಚ್ಚು ಇವೆಲ್ಲ ಅಲ್ಲಿ ಬರುತ್ತವೆ. ನನಗೆ ಬೇಕಾದದ್ದು ಸಣ್ಣ ಪ್ರಶ್ನೆ. ಈ ನಾಲ್ಕು ಸಾಲಿಗೆ ಯಾರು ಹೆಚ್ಚು ನಿಷ್ಠರಾಗಿದ್ದಾರೆ?

ಇಲ್ಲಿ ಇಂಗ್ಲಿಷನ್ನು ಪೂರ್ತಿ ಓದುವ ಬದಲು, ಎರಡನ್ನೂ ಆದಷ್ಟು ನೇರವಾಗಿ ಕನ್ನಡಕ್ಕೆ ವಾಪಸ್ ತಂದಿದ್ದೇನೆ. ಇದು ನಾನು ಯಾವಾಗಲೂ ಮಾಡುವ ಕೆಲಸ. ಹೀಗೆ ವಾಪಸ್ ತರುವಾಗ ಮೂಲದ ಮಾತುಗಳನ್ನು ಬಳಸಬಾರದು, ಅದೊಂದು ಕಟ್ಟುನಿಟ್ಟು. ಬಳಸಿದರೆ ನಮಗೆ ಗೊತ್ತಿರುವುದನ್ನೆಲ್ಲ ನಾವೇ ತುಂಬಿಬಿಡುತ್ತೇವೆ.

ರಾಮಾನುಜನ್ ಅವರದು ಹೀಗೆ ಬರುತ್ತದೆ: 'ನಿನ್ನ ಬೆಳಕನ್ನು ಹುಡುಕುತ್ತಾ ನಾನು ಹೊರಗೆ ಹೋದೆ. ಲಕ್ಷ ಕೋಟಿ ಸೂರ್ಯರು ಥಟ್ಟನೆ ಉದಯಿಸಿದ ಹಾಗಿತ್ತು ಅದು. ನನ್ನ ಬೆರಗಿಗೆ ಮಿಂಚುಗಳ ಒಂದು ನರಗಂಟು. ಓ ಗುಹೆಗಳ ಒಡೆಯನೇ, ನೀನು ಬೆಳಕಾಗಿದ್ದರೆ, ರೂಪಕ ಇರಲಾರದು.'

ತೇಜಸ್ವಿನಿ ಅವರದು ಹೀಗೆ: 'ನಿನ್ನ ಕಾಂತಿಯನ್ನು ನೋಡಲು ಹಿಂದೆ ಸರಿದು, ಹತ್ತು ಕೋಟಿ ಸೂರ್ಯರ ಉದಯವನ್ನು ಕಂಡೆ. ಮಿಂಚಿನ ಬಳ್ಳಿಗಳು ಆಡುವುದನ್ನು ಬೆರಗಿನಿಂದ ದಿಟ್ಟಿಸಿದೆ. ಓ ಗುಹೇಶ್ವರ, ನೀನು ಬೆಳಕಿನ ಲಿಂಗವಾದೆಯಾದರೆ, ನಿನಗೆ ಅಲಂಕಾರವನ್ನು ಯಾರು ಕಂಡುಕೊಳ್ಳಬಲ್ಲರು.'

ಮೊದಲು ಸುಲಭದ್ದನ್ನು ಮುಗಿಸಿಬಿಡೋಣ. ಸೂರ್ಯರ ಲೆಕ್ಕ. ಶತಕೋಟಿ ಅಂದರೆ 100 ಕೋಟಿ. ರಾಮಾನುಜನ್ 'ಮಿಲಿಯನ್ ಮಿಲಿಯನ್' ಅಂದರು, ಅದು 1 ಲಕ್ಷ ಕೋಟಿ. ತೇಜಸ್ವಿನಿ 'ಹಂಡ್ರೆಡ್ ಮಿಲಿಯನ್' ಅಂದರು, ಅದು 10 ಕೋಟಿ. ಒಬ್ಬರು ಸಾವಿರ ಪಟ್ಟು ಜಾಸ್ತಿ, ಇನ್ನೊಬ್ಬರು ಹತ್ತು ಪಟ್ಟು ಕಡಿಮೆ. ಲೆಕ್ಕದಲ್ಲಿ ಇಬ್ಬರೂ ತಪ್ಪು. ಆದರೆ ಇದಕ್ಕೆ ಯಾರ ಅಂಕವನ್ನೂ ಕಳೆಯಬಾರದು. ಅಲ್ಲಮ ಸೂರ್ಯರನ್ನು ಎಣಿಸುತ್ತಿಲ್ಲ. ಎಣಿಕೆಗೆ ಸಿಗದಷ್ಟು ಅನ್ನುತ್ತಿದ್ದಾನೆ, ಆ ಕೆಲಸ ಎರಡರಲ್ಲೂ ಆಗಿದೆ. ಅನುವಾದ ಹೋಲಿಸಲು ಕೂತವರು ಮೊದಲು ಹಿಡಿಯುವುದೇ ಇಂಥ ತಪ್ಪುಗಳನ್ನು, ಯಾಕೆಂದರೆ ಇವು ಕಣ್ಣಿಗೆ ಬೇಗ ಬೀಳುತ್ತವೆ. ತೂಕ ಬೇರೆ ಕಡೆ ಇರುತ್ತದೆ.

ಈ ವಚನದಲ್ಲಿ ತೂಕ ಇರುವುದು 'ಹೆರಸಾರಿ' ಎಂಬ ಮಾತಿನಲ್ಲಿ. ಹಳಗನ್ನಡದಲ್ಲಿ ಇದು 'ಪೆಱಸಾರ್'. ಪೆಱ ಎಂದರೆ ಹಿಂದು. ಸಾರ್ ಎಂದರೆ ಹೋಗು, ಸರಿ. ಹೆರಸಾರು ಎಂದರೆ ಹಿಂದಕ್ಕೆ ಸರಿ, ಹಿಮ್ಮೆಟ್ಟು. ಈಗ ಸಾಲನ್ನು ಮತ್ತೆ ಓದಿ: ನಿಮ್ಮ ತೇಜವ ನೋಡಲೆಂದು ಹಿಂದೆ ಸರಿದು ನೋಡುತ್ತಿರಲು. ಯಾರು ಹಿಂದೆ ಸರಿಯುತ್ತಾರೆ? ತೀರಾ ಹತ್ತಿರ ಇರುವವರು. ಗೋಡೆಗೆ ಮೂಗು ತಾಗಿಸಿ ನಿಂತರೆ ಗೋಡೆಯ ಮೇಲಿನ ಚಿತ್ರ ಕಾಣುವುದಿಲ್ಲ. ನಾಲ್ಕು ಹೆಜ್ಜೆ ಹಿಂದೆ ಬರಬೇಕು. ಅಂದರೆ ಈ ವಚನ ಶುರುವಾಗುವಾಗಲೇ ಮಾತಾಡುವವನು ಬೆಳಕಿನ ಒಳಗೆ ಇದ್ದಾನೆ, ಇಲ್ಲವೇ ಅದಕ್ಕೆ ಅಂಟಿಕೊಂಡಿದ್ದಾನೆ. ಅವನಿಗೆ ದೇವರು ಕಳೆದುಹೋಗಿಲ್ಲ. ಅವನ ಕಷ್ಟವೇ ಬೇರೆ. ಜಾಸ್ತಿ ಹತ್ತಿರ ಇರುವುದನ್ನು ನೋಡುವುದು ಹೇಗೆ?

ರಾಮಾನುಜನ್ ಇಲ್ಲಿ 'ಲುಕಿಂಗ್ ಫಾರ್ ಯುವರ್ ಲೈಟ್, ಐ ವೆಂಟ್ ಔಟ್' ಅಂದರು. ಎರಡು ಬದಲಾವಣೆ ಒಟ್ಟಿಗೆ ಆಗಿವೆ. 'ನೋಡಲೆಂದು' ಹೋಗಿ 'ಹುಡುಕುತ್ತಾ' ಆಯಿತು. 'ಹಿಂದೆ ಸರಿದು' ಹೋಗಿ 'ಹೊರಗೆ ಹೋದೆ' ಆಯಿತು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಬೇಕಾದದ್ದು 'ಫಾರ್' ಎಂಬ ಒಂದು ಪುಟ್ಟ ಪದ. ಅದು ಬಂದ ಕೂಡಲೇ ದೇವರು ದೂರ ಹೋಗಿಬಿಟ್ಟ. ಮನೆ ಬಿಟ್ಟು ದೇವರನ್ನು ಅರಸಿ ಹೊರಟ ಒಬ್ಬ ಭಕ್ತ ಹುಟ್ಟಿಕೊಂಡ. ಅಂಥ ಭಕ್ತರು ನಮ್ಮಲ್ಲೂ ಇದ್ದಾರೆ. ಅಕ್ಕನ ವಚನಗಳಲ್ಲಿ ಗಿಳಿಯನ್ನು, ಕೋಗಿಲೆಯನ್ನು, ದುಂಬಿಯನ್ನು ಕೇಳುತ್ತಾ ಚೆನ್ನಮಲ್ಲಿಕಾರ್ಜುನನನ್ನು ಹುಡುಕುವ ಹೆಣ್ಣು ಇದ್ದಾಳೆ. ಆದರೆ ಈ ವಚನದವನು ಹಾಗೆ ಹುಡುಕಿಕೊಂಡು ಹೋಗುತ್ತಿಲ್ಲ.

ತೇಜಸ್ವಿನಿ 'ಡ್ರಾಯಿಂಗ್ ಬ್ಯಾಕ್ ಟು ಲುಕ್ ಅಟ್ ಯುವರ್ ರೇಡಿಯನ್ಸ್' ಅಂದರು. ಸರಿಯಾಗಿದೆ. ನೋಡಲಿಕ್ಕೆ ಹಿಂದೆ ಸರಿದು. ಒಂದು ಪದವನ್ನೂ ಬಗ್ಗಿಸಿಲ್ಲ.

ನಮ್ಮ ಬಳಗದಲ್ಲಿ ಒಬ್ಬ ಗೆಳತಿಗೆ ಕನ್ನಡ ಓದಲು ಬರುವುದಿಲ್ಲ, ಮಾತು ಮಾತ್ರ ಬರುತ್ತದೆ. ಅವರಿಗೆ ಮೂಲ ತೋರಿಸದೆ ಎರಡೂ ಇಂಗ್ಲಿಷ್ ಕೊಟ್ಟು, ಶುರುವಿನಲ್ಲಿ ಆ ಮನುಷ್ಯ ಎಲ್ಲಿದ್ದಾನೆ ಎಂದು ಕೇಳಿದೆ. ರಾಮಾನುಜನ್ ಓದಿ, 'ಕತ್ತಲಲ್ಲಿ' ಅಂದರು. ತೇಜಸ್ವಿನಿ ಓದಿ ಸ್ವಲ್ಪ ಹೊತ್ತು ಯೋಚಿಸಿ, 'ದೇವರ ಎದುರಿಗೇ ಇದ್ದ ಹಾಗಿದೆ, ಅಲ್ವಾ?' ಅಂದರು. ನಿಷ್ಠೆಯನ್ನು ಅಳೆಯಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಇದು. ಮೂಲ ಗೊತ್ತಿಲ್ಲದವರ ತಲೆಯಲ್ಲಿ ಯಾವ ಚಿತ್ರ ಮೂಡುತ್ತದೆ ಎಂದು ನೋಡಬೇಕು. ಮೂಲ ಗೊತ್ತಿರುವ ನಾವು ಅನುವಾದ ಓದುವಾಗ ಬಿಟ್ಟ ಜಾಗಗಳನ್ನು ತುಂಬಿಕೊಂಡೇ ಓದುತ್ತೇವೆ.

ಇಲ್ಲಿಯವರೆಗೆ ತೀರ್ಪು ಸುಲಭ ಅನ್ನಿಸುತ್ತದೆ. ಮುಂದಿನ ಎರಡು ಸಾಲಿನಲ್ಲಿ ಅದು ಉಲ್ಟಾ ಆಗುತ್ತದೆ.

'ಶತಕೋಟಿ ಸೂರ್ಯರು ಮೂಡಿದಂತಿರ್ದುದಯ್ಯಾ.' ಇಲ್ಲಿ 'ಅಂತೆ' ಇದೆ. ಮೂಡಿದರು ಅನ್ನುತ್ತಿಲ್ಲ, ಮೂಡಿದ ಹಾಗೆ ಇತ್ತು ಅನ್ನುತ್ತಿದ್ದಾನೆ. ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಹೆಸರೇ ಉಪಮೆ. ಅದರ ಹಾಗೆ ಇದು, ಅಂತೆ, ವೊಲ್ ಎಂದು ಹೋಲಿಸಿ ಹೇಳುವುದು. ಈಗ ಕೊನೆಯ ಸಾಲನ್ನು ನೆನಪಿಸಿಕೊಳ್ಳಿ: 'ಉಪಮಿಸಿ ನೋಡಬಲ್ಲವರಿಲ್ಲಯ್ಯಾ.' ಅಲ್ಲಮ ಎರಡನೇ ಸಾಲಿನಲ್ಲಿ ತಾನೇ ಒಂದು ಉಪಮೆ ಕೊಟ್ಟು, ನಾಲ್ಕನೇ ಸಾಲಿನಲ್ಲಿ ಉಪಮೆ ಕೊಡಬಲ್ಲವರೇ ಇಲ್ಲ ಅನ್ನುತ್ತಾನೆ. ಕೊಟ್ಟ ಹೋಲಿಕೆಯನ್ನು ತಾನೇ ವಾಪಸ್ ತೆಗೆದುಕೊಳ್ಳುತ್ತಾನೆ. ವಚನ ತಿರುಗುವುದು ಈ ಕೀಲಿನ ಮೇಲೆ. 'ಅಂತೆ' ಇಲ್ಲದಿದ್ದರೆ ಕೊನೆಯ ಸಾಲಿಗೆ ವಾಪಸ್ ತೆಗೆದುಕೊಳ್ಳಲು ಏನೂ ಇರುವುದಿಲ್ಲ.

ರಾಮಾನುಜನ್ 'ಇಟ್ ವಾಸ್ ಲೈಕ್' ಅಂದರು. 'ಅಂತೆ' ಉಳಿಯಿತು. ತೇಜಸ್ವಿನಿ 'ಐ ಸಾ ದ ಡಾನಿಂಗ್' ಅಂದರು. ಉದಯವನ್ನು ಕಂಡೆ. 'ಅಂತೆ' ಬಿದ್ದುಹೋಯಿತು. ಅವರ ಅನುವಾದದಲ್ಲಿ ಸೂರ್ಯರು ನಿಜವಾಗಿಯೇ ಮೂಡಿಬಿಟ್ಟರು. ಇದು ಸಣ್ಣ ತಪ್ಪಲ್ಲ. ಉಪಮೆಯ ಬಗ್ಗೆಯೇ ರಾಮಾನುಜನ್ ಜೊತೆ ವಾದಕ್ಕೆ ಇಳಿದ ಅನುವಾದ, ವಚನದಲ್ಲಿದ್ದ ಒಂದೇ ಒಂದು ಸ್ಪಷ್ಟ ಉಪಮೆಯನ್ನು ಕಳೆದುಕೊಂಡಿತಲ್ಲ ಎಂದು ನನಗೆ ನಿಜಕ್ಕೂ ಬೇಸರ ಆಗುತ್ತದೆ.

ಇನ್ನೊಂದು ವಿಷಯ ನನಗೆ ಹತ್ತಾರು ಸಲ ಓದಿದ ಮೇಲೆ ಕಂಡದ್ದು. ಕನ್ನಡದಲ್ಲಿ 'ನಾನು' ಎಲ್ಲಿದೆ ಹುಡುಕಿ. 'ನಾನು ನೋಡಿದೆ', 'ನಾನು ಕಂಡೆ' ಎಂಬ ಪೂರ್ಣ ಕ್ರಿಯಾಪದ ಒಂದೂ ಇಲ್ಲ. 'ನೋಡುತ್ತಿರಲು', ಅರ್ಧ ಕ್ರಿಯೆ. 'ಕಂಡಡೆ', ಅದೂ ಅರ್ಧ. ಪೂರ್ಣ ಕ್ರಿಯೆಗಳು ಎರಡು: 'ಇರ್ದುದು', 'ಸೋಜಿಗವಾಯಿತ್ತು'. ಎರಡಕ್ಕೂ ಕರ್ತೃ 'ನಾನು' ಅಲ್ಲ. 'ಎನಗೆ ಇದು ಸೋಜಿಗವಾಯಿತ್ತು.' ಸೋಜಿಗ ಅವನಿಗೆ ಆಯಿತು, ಅವನು ಸೋಜಿಗಪಡಲಿಲ್ಲ. ಹಸಿವಾಯಿತು, ನಿದ್ದೆ ಬಂತು, ಭಯವಾಯಿತು ಎನ್ನುತ್ತೇವಲ್ಲ, ಹಾಗೆ. ಮೊದಲ ಸಾಲಿನಲ್ಲಿ ಹಿಂದೆ ಸರಿದವನು ವ್ಯಾಕರಣದಲ್ಲೂ ಹಿಂದೆ ಸರಿದಿದ್ದಾನೆ.

ಇದನ್ನು ಇಂಗ್ಲಿಷಿಗೆ ತರುವುದು ಕಷ್ಟ, ಅಲ್ಲಿ ಕರ್ತೃ ಇಲ್ಲದೆ ವಾಕ್ಯ ನಿಲ್ಲುವುದಿಲ್ಲ. ಆದರೂ ಯಾರು ಹತ್ತಿರ ಬಂದರು ನೋಡಿ. ತೇಜಸ್ವಿನಿ 'ಐ ಸಾ' ಅಂದರು, ಮತ್ತೆ 'ಐ ಗೇಜ್ಡ್' ಅಂದರು. ಹಿಂದೆ ಸರಿದವನನ್ನು ಎರಡು ಸಲ ಮುಂದೆ ತಂದು ನಿಲ್ಲಿಸಿದ ಹಾಗಾಯಿತು. ರಾಮಾನುಜನ್ ಒಂದು ಸಲ 'ಐ ವೆಂಟ್ ಔಟ್' ಅಂದರು, ಆಮೇಲೆ 'ನಾನು' ಬಿಟ್ಟೇಬಿಟ್ಟರು. 'ಇಟ್ ವಾಸ್ ಲೈಕ್', 'ಫಾರ್ ಮೈ ವಂಡರ್'. ಈ 'ಫಾರ್ ಮೈ ವಂಡರ್' ಓದಲು ಸ್ವಲ್ಪ ವಿಚಿತ್ರ. ಆದರೆ ಅದು 'ಎನಗೆ' ಎಂಬ ಚತುರ್ಥಿಯನ್ನು ಹಿಡಿಯಲು ಮಾಡಿದ ಪ್ರಯತ್ನ ಎಂದು ನನಗೆ ಅನ್ನಿಸುತ್ತದೆ. ಕನ್ನಡದ ನಡಿಗೆ ಕಿವಿಯಲ್ಲಿ ಇದ್ದವರಿಗೆ ಮಾತ್ರ ಇದು ಹೊಳೆಯುತ್ತದೆ.

ಆದ್ದರಿಂದ ಮಧ್ಯದ ಸಾಲುಗಳಲ್ಲಿ ರಾಮಾನುಜನ್ ಹೆಚ್ಚು ನಿಷ್ಠರು. ಅವರ ಪದ ಅಲ್ಲಿ ಹೆಚ್ಚು ದೂರ ಹೋಗಿದೆ, ವಾಕ್ಯ ಮಾತ್ರ ಹೋಗಿಲ್ಲ.

ಪದ ದೂರ ಹೋಗಿದೆ ಅಂದೆನಲ್ಲ, ಅದು 'ಮಿಂಚಿನ ಬಳ್ಳಿ'. ರಾಮಾನುಜನ್ ಇದಕ್ಕೆ 'ಗ್ಯಾಂಗ್ಲಿಯನ್ ಆಫ್ ಲೈಟ್ನಿಂಗ್ಸ್' ಅಂದರು. ಗ್ಯಾಂಗ್ಲಿಯನ್ ಅಂದರೆ ನರಕೋಶಗಳ ಗಂಟು, ವೈದ್ಯರ ಮಾತು. ಅವರ ಕಣ್ಣಿಗೆ ಕಂಡದ್ದು ಏನೆಂದು ಊಹಿಸಬಹುದು. ಮಿಂಚು ಕವಲೊಡೆದು ಹರಡುವ ಆಕಾರ, ಮೈಯೊಳಗೆ ನರ ಹರಡುವ ಆಕಾರ, ಎರಡೂ ಒಂದೇ ಥರ. ಅದು ಅವರ ಸ್ವಂತ ಕವಿತೆಗಳ ಲೋಕ. ಆದರೆ ಮಿಂಚಿನ ಬಳ್ಳಿ ಎಂಬುದು ಕನ್ನಡದಲ್ಲಿ ಯಾರನ್ನೂ ಬೆಚ್ಚಿಬೀಳಿಸುವ ಮಾತಲ್ಲ. ಬಳ್ಳಿಮಿಂಚು, ಕುಡಿಮಿಂಚು ಎಂದು ಜನ ಬಳಸುತ್ತಲೇ ಬಂದಿದ್ದಾರೆ. ಬಳಕೆಯಲ್ಲಿ ನುಣುಪಾದ ಮಾತು ಅದು. ಅಲ್ಲಿಗೆ ಗ್ಯಾಂಗ್ಲಿಯನ್ ತಂದರೆ, ಓದುಗ ವಚನ ಬಿಟ್ಟು ಆ ಪದದ ಮುಂದೆ ನಿಂತುಬಿಡುತ್ತಾನೆ. ತೇಜಸ್ವಿನಿ ಬಳ್ಳಿಯನ್ನು ಬಳ್ಳಿಯಾಗಿಯೇ ಇಟ್ಟರು. ಇಂಗ್ಲಿಷ್ ಓದುಗರಿಗೆ ಅದೂ ಹೊಸದೇ. ಆದರೆ ಆ ಹೊಸತನ ಕನ್ನಡದಿಂದಲೇ ಬಂದದ್ದು.

'ಸಂಚ' ಎಂಬ ಮಾತನ್ನು ಇಬ್ಬರೂ ಪೂರ್ತಿ ಹಿಡಿದಿಲ್ಲ. ಅದರಲ್ಲಿ ಓಡಾಟವೂ ಇದೆ, ಗುಟ್ಟೂ ಇದೆ. ಈಗಲೂ ನಾವು ಸಂಚು ಎನ್ನುತ್ತೇವಲ್ಲ. ತೇಜಸ್ವಿನಿ ಓಡಾಟವನ್ನು ಆಟ ಮಾಡಿದರು. ರಾಮಾನುಜನ್ ಗಂಟಿನೊಳಗೆ ಸೇರಿಸಿಬಿಟ್ಟರು. ಗುಟ್ಟು ಎರಡರಲ್ಲೂ ಇಲ್ಲ.

ಇನ್ನು ಕೊನೆಯ ಸಾಲು. ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ.

'ಗುಹೇಶ್ವರಾ' ಅಲ್ಲಮನ ಅಂಕಿತ. ರಾಮಾನುಜನ್ ಅಂಕಿತಗಳನ್ನು ಅನುವಾದ ಮಾಡುವ ಪದ್ಧತಿ ಇಟ್ಟುಕೊಂಡಿದ್ದರು. ಗುಹೇಶ್ವರ 'ಲಾರ್ಡ್ ಆಫ್ ಕೇವ್ಸ್', ಕೂಡಲಸಂಗಮದೇವ 'ಲಾರ್ಡ್ ಆಫ್ ದ ಮೀಟಿಂಗ್ ರಿವರ್ಸ್'. ಇದರಿಂದ ಓದುಗನಿಗೆ ಒಂದು ಲಾಭ ಇದೆ: ಗುಹೆ ಕಾಣುತ್ತದೆ. ಕತ್ತಲೆಯ ಗುಹೆಯ ಒಡೆಯ, ಅವನೇ ಬೆಳಕಾದರೆ ಎಂಬ ಎದುರುಬದುರು ಕಾಣುತ್ತದೆ. ಕನ್ನಡ ಓದುವ ನಮಗೆ ಅಂಕಿತ ಎಷ್ಟು ರೂಢಿಯಾಗಿದೆ ಅಂದರೆ, ಗುಹೆ ಅದರೊಳಗೆ ಇದೆ ಎಂಬುದೇ ಮರೆತುಹೋಗಿರುತ್ತದೆ. ಆದರೆ ಅದು ಒಂದು ಹೆಸರು. ಹೆಸರು ಹಿಡಿದು ಕೂಗುವುದಕ್ಕೂ ವರ್ಣನೆ ಮಾಡಿ ಕೂಗುವುದಕ್ಕೂ ವ್ಯತ್ಯಾಸ ಇದೆ. ಈ ಒಂದು ವಿಷಯದಲ್ಲಿ ನಾನು ಯಾರನ್ನೂ ಮೇಲೆ ಕೂರಿಸಲಾರೆ.

'ಜ್ಯೋತಿರ್ಲಿಂಗವಾದಡೆ' ಎಂಬಲ್ಲಿ ಹಾಗಲ್ಲ. ರಾಮಾನುಜನ್ 'ಇಫ್ ಯೂ ಆರ್ ಲೈಟ್' ಅಂದರು. ಲಿಂಗ ಹೋಯಿತು. ಲಿಂಗದ ಜೊತೆ ಒಂದು ಕಥೆಯೂ ಹೋಯಿತು. ಬ್ರಹ್ಮ ಹಂಸವಾಗಿ ಮೇಲೆ ಹಾರಿದ, ವಿಷ್ಣು ಹಂದಿಯಾಗಿ ಕೆಳಗೆ ಕೊರೆದ, ಬೆಂಕಿಯ ಆ ಕಂಬದ ತುದಿಯೂ ಸಿಗಲಿಲ್ಲ ಬುಡವೂ ಸಿಗಲಿಲ್ಲ. ಅಳೆಯಲು ಹೋದವರು ಸೋತು ಬಂದರು. ಈಗ 'ಉಪಮಿಸಿ' ಎಂಬುದನ್ನು ನೋಡಿ. ಉಪಮಾ ಎಂಬ ಸಂಸ್ಕೃತ ಪದದ ಧಾತು 'ಮಾ', ಅಳೆ ಎಂದು ಅರ್ಥ. ಪಕ್ಕಕ್ಕೆ ಇಟ್ಟು ಅಳೆಯುವುದೇ ಉಪಮೆ. ಜ್ಯೋತಿರ್ಲಿಂಗ ಎಂದ ಮೇಲೆ ಉಪಮಿಸಿ ನೋಡಬಲ್ಲವರಿಲ್ಲ ಎಂದರೆ, ಅಳೆಯಲು ಹೋಗಿ ಸೋತವರ ನೆನಪು ಬಂದೇ ಬರುತ್ತದೆ. ಬರೀ 'ಬೆಳಕು' ಎಂದರೆ ಯಾರ ನೆನಪೂ ಬರುವುದಿಲ್ಲ. ಲೋಕದ ಎಷ್ಟೋ ಅನುಭಾವಿಗಳು ದೇವರನ್ನು ಬೆಳಕು ಅಂದಿದ್ದಾರೆ. ಇದು ಇಲ್ಲಿನ ಬೆಳಕು ಎಂದು ಗುರುತು ಹಚ್ಚುವ ಮಾತೇ ಲಿಂಗ. ತೇಜಸ್ವಿನಿ ಅದನ್ನು ಉಳಿಸಿಕೊಂಡರು. 'ಆದಡೆ' ಎಂಬುದನ್ನೂ ಉಳಿಸಿಕೊಂಡರು. 'ಆಗಿದ್ದರೆ' ಎಂದು ಮಾಡಲಿಲ್ಲ. ಆಗುವ ಕ್ರಿಯೆ ಅಲ್ಲಿ ಇದೆ.

ಆಮೇಲೆ 'ನೋಡಬಲ್ಲವರಿಲ್ಲಯ್ಯಾ'. ಇಲ್ಲ ಎಂದು ಹೇಳಿದ್ದು ಯಾರನ್ನು? ನೋಡಬಲ್ಲವರನ್ನು. ಮನುಷ್ಯರನ್ನು. ರಾಮಾನುಜನ್ 'ದೇರ್ ಕ್ಯಾನ್ ಬಿ ನೋ ಮೆಟಫರ್' ಅಂದರು. ಅಲ್ಲಿ ಮನುಷ್ಯರು ಹೋಗಿ ಅಲಂಕಾರ ಇಲ್ಲ ಎಂದಾಯಿತು. ಕಿವಿಗೆ ಬಹಳ ಚೆನ್ನಾಗಿದೆ. ನಾನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಕೂತಿದ್ದೆ. ಆದರೆ ಅದು ಭಾಷೆಯ ಬಗ್ಗೆ ಹೇಳಿದ ಮಾತು. ಅಲ್ಲಮ ಹೇಳುತ್ತಿರುವುದು ನೋಟದ ಬಗ್ಗೆ. ಮತ್ತೆ 'ಮೆಟಫರ್' ಎಂದರೆ ರೂಪಕ, ಉಪಮೆ ಅಲ್ಲ. ತೇಜಸ್ವಿನಿ ಪ್ರಶ್ನೆಯಾಗಿ 'ಹೂ ಕ್ಯಾನ್' ಅಂದರು. ಮನುಷ್ಯ ಉಳಿದ. 'ಫಿಗರೇಷನ್' ಎಂಬುದು ಮಾತ್ರ ತರಗತಿಯ ಪದ, ವಚನದ ಬಾಯಿಗೆ ಒಗ್ಗುವುದಿಲ್ಲ. ಇಬ್ಬರ ಜೊತೆಗೂ ಆದದ್ದು ನೋಡಿ. ರಾಮಾನುಜನ್ ಉಪಮೆಯನ್ನು ಉಳಿಸಿಕೊಂಡು ರೂಪಕ ಇಲ್ಲ ಅಂದರು. ತೇಜಸ್ವಿನಿ ಉಪಮೆಯನ್ನು ಬಿಟ್ಟು, ಹೋಲಿಸಬಲ್ಲವರು ಯಾರು ಅಂದರು. ಕೀಲಿನ ಒಂದೊಂದು ಭಾಗ ಒಬ್ಬೊಬ್ಬರ ಕೈಯಲ್ಲಿ ಉಳಿಯಿತು.

ಇಬ್ಬರೂ ಕಳೆದುಕೊಂಡದ್ದೂ ಇದೆ. 'ನೋಡು' ಎಂಬ ಧಾತು ಈ ವಚನದಲ್ಲಿ ಮೂರು ಸಲ ಬರುತ್ತದೆ: ನೋಡಲೆಂದು, ನೋಡುತ್ತಿರಲು, ನೋಡಬಲ್ಲವರಿಲ್ಲ. ನೋಡಲೆಂದು ಹೊರಟ ಮಾತು ನೋಡಬಲ್ಲವರಿಲ್ಲ ಎಂಬಲ್ಲಿ ನಿಲ್ಲುತ್ತದೆ. ಎರಡೂ ಅನುವಾದಗಳ ಕೊನೆಯ ಸಾಲಿನಲ್ಲಿ ನೋಟವೇ ಇಲ್ಲ. ಇನ್ನೊಂದು, 'ನಿಮ್ಮ ತೇಜವ' ಎಂದು ಬಹುವಚನದಲ್ಲಿ ಶುರುಮಾಡಿದವನು ಕೊನೆಗೆ 'ನೀನು' ಅನ್ನುತ್ತಾನೆ. ಹಿಂದೆ ಸರಿದಷ್ಟೂ ಹತ್ತಿರ ಆಗಿದ್ದಾನೆ. ಇಂದಿನ ಇಂಗ್ಲಿಷಿನಲ್ಲಿ ಇದಕ್ಕೆ ಜಾಗವೇ ಇಲ್ಲ, ಅದನ್ನು ಅನುವಾದಕರ ತಲೆಗೆ ಕಟ್ಟಬಾರದು.

ಈಗ ತೀರ್ಪು. ನನ್ನ ಮಟ್ಟಿಗೆ ತೇಜಸ್ವಿನಿ ಅವರ ಅನುವಾದ ಹೆಚ್ಚು ನಿಷ್ಠ. ಆದರೆ ಅಂತರ ಅವರು ವಾದಿಸಿದಷ್ಟು ದೊಡ್ಡದಲ್ಲ. 'ಅಂತೆ' ಬಿಟ್ಟದ್ದು, 'ನಾನು' ತುರುಕಿದ್ದು ಅವರ ಅನುವಾದದ ದೊಡ್ಡ ನಷ್ಟ. ಆದರೂ ಅದನ್ನು ಮಾತ್ರ ಓದಿದವರು ಹತ್ತಿರದಲ್ಲೇ ಇರುವ ಲಿಂಗವನ್ನು ನೋಡಲು ಹಿಂದೆ ಸರಿದ ಒಬ್ಬನನ್ನು ಕಾಣುತ್ತಾರೆ. ರಾಮಾನುಜನ್ ಮಾತ್ರ ಓದಿದವರು ಬೆಳಕು ಹುಡುಕಿಕೊಂಡು ಹೊರಗೆ ಹೋದ ಒಬ್ಬನನ್ನು ಕಾಣುತ್ತಾರೆ. ಮೊದಲನೆಯವನು ಅಲ್ಲಮನಿಗೆ ಹತ್ತಿರ. ರಾಮಾನುಜನ್ ಅವರದು ಇಂಗ್ಲಿಷ್ ಕವಿತೆಯಾಗಿ ಹೆಚ್ಚು ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಅದು ಬೇರೆ ಪ್ರಶ್ನೆ. ಎರಡನ್ನೂ ಕಲಸಿದಾಗಲೇ ಈ ಜಗಳಗಳು ಬಗೆಹರಿಯದೆ ಉಳಿಯುವುದು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು, 'ಅವರಿಬ್ಬರನ್ನೂ ತೂಗಿದಿರಲ್ಲ, ನೀವಾದರೆ ಹೇಗೆ ಮಾಡುತ್ತೀರಿ?' ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಮೊದಲ ಸಾಲಿಗೆ 'ಸ್ಟೆಪಿಂಗ್ ಬ್ಯಾಕ್ ಟು ಲುಕ್ ಅಟ್ ಯುವರ್ ಬ್ಲೇಜ್, ಲುಕಿಂಗ್' ಎಂದೆ. ಎರಡನೆಯದಕ್ಕೆ ರಾಮಾನುಜನ್ ಅವರ 'ಇಟ್ ವಾಸ್ ಲೈಕ್' ಅನ್ನೇ ಇಟ್ಟುಕೊಳ್ಳುತ್ತೇನೆ ಎಂದೆ. ಕೊನೆಯದಕ್ಕೆ 'ದೇರ್ ಈಸ್ ನೋ ಒನ್ ಹೂ ಕ್ಯಾನ್ ಲುಕ್, ಅಂಡ್ ಸೇ ಲೈಕ್' ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಯ್ಯಾ ಎಲ್ಲಿ ಹೋಯಿತು?' ಎಂದರು. ಮೂಲದಲ್ಲಿ ಅದು ಎರಡು ಸಲ ಇದೆ. ತೇಜಸ್ವಿನಿ ಅವರಲ್ಲೂ ಇಲ್ಲ, ರಾಮಾನುಜನ್ ಅವರಲ್ಲೂ ಇಲ್ಲ, ನನ್ನಲ್ಲೂ ಇರಲಿಲ್ಲ.